ತಡವಾಗಿ ಬಂದ ಕಾರ್ಡ್ ಚಾರ್ಜ್, ಮೈನಸ್ ಆದ ಖಾತೆ: ಶುಲ್ಕ ವಾಪಸ್ ಪಡೆದದ್ದು ಹೀಗೆ

ದುಡ್ಡು ಸಾಲದೆ ಖಾತೆ ಮೈನಸ್ ಆದಾಗ ಬ್ಯಾಂಕ್ ಹಾಕುವ ಓವರ್‌ಡ್ರಾಫ್ಟ್ ಶುಲ್ಕ ಒಮ್ಮೆ ಕಡಿತವಾದರೆ ಮುಗೀತು, ಬ್ಯಾಂಕ್ ಅದನ್ನು ವಾಪಸ್ ಕೊಡುವುದಿಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ನನಗೆ ಕೊಟ್ಟಿತು. ಎರಡು ಶುಲ್ಕ ಪೂರ್ತಿ, ಇನ್ನೊಂದು ಅರ್ಧದಷ್ಟು.

ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಖಾತೆಯಲ್ಲಿ 300 ಇತ್ತು. ಹೋಟೆಲ್ ರೂಮಿಗೆ ಡೆಬಿಟ್ ಕಾರ್ಡ್ ಕೊಟ್ಟಾಗ 200 ಹೋಲ್ಡ್ ಆಯಿತು, ಅಂದರೆ ಬ್ಯಾಂಕ್ ಅಷ್ಟನ್ನು ತಡೆದಿಟ್ಟಿತು, ಖರ್ಚಿಗೆ 100 ಉಳಿಯಿತು. ರೂಮ್ ಖಾಲಿ ಮಾಡಿದ ಮೇಲೂ ಹೋಟೆಲ್‌ನವರು ಬಿಲ್ ಕಳಿಸಲಿಲ್ಲ. ಸುಮಾರು ಒಂದು ವಾರಕ್ಕೆ ಹೋಲ್ಡ್ ತಾನಾಗಿ ಬಿದ್ದುಹೋಯಿತು, ಆ್ಯಪ್ ಮತ್ತೆ 300 ತೋರಿಸಿತು. ಅದರಲ್ಲಿ 220 ಬೇರೆ ಕಡೆ ಹೋಯಿತು. ಆಮೇಲೆ ಹೋಟೆಲ್‌ನ 200 ಬಂದು ಬಿತ್ತು. ಖಾತೆ ಮೈನಸ್ 120. ಮೇಲೆ 30 ಶುಲ್ಕ, ಮೈನಸ್ 150. ಮಾರನೇ ದಿನ 15ರ ಒಂದು ಆಟೋ ಪೇ ಬಂತು, ಅದಕ್ಕೂ 30 ಶುಲ್ಕ. ಒಟ್ಟು ಮೈನಸ್ 195. 15ರ ಚಂದಾಕ್ಕೆ 30 ದಂಡ, ನೋಡಿ.

ಹೋಲ್ಡ್ ಬಿದ್ದುಹೋದರೂ ಆ ಚಾರ್ಜ್‌ಗೆ ಬ್ಯಾಂಕ್ ಅನುಮತಿ ಕೊಟ್ಟದ್ದು ದಾಖಲೆಯಲ್ಲಿ ಇರುತ್ತದೆ. ಅಂಗಡಿಯವರು ತಡವಾಗಿ ಕಳಿಸಿದರೂ ಬ್ಯಾಂಕ್ ಸಾಮಾನ್ಯವಾಗಿ ದುಡ್ಡು ಕೊಟ್ಟುಬಿಡುತ್ತದೆ. ನಡುವೆ ಕಾರ್ಡನ್ನು ಆ್ಯಪ್‌ನಲ್ಲಿ ಲಾಕ್ ಮಾಡಿ ನೋಡಿದ್ದೆ. ಹೊಸ ವಹಿವಾಟು ನಿಂತವು, ಹಿಂದೆ ಅನುಮತಿ ಪಡೆದಿದ್ದ ಇನ್ನೊಂದು ಚಿಕ್ಕ ಚಾರ್ಜ್ ಮಾತ್ರ ಆರಾಮಾಗಿ ಒಳಗೆ ಬಂತು. ಓವರ್‌ಡ್ರಾಫ್ಟ್ ಸೌಲಭ್ಯವನ್ನೇ ಆಫ್ ಮಾಡಿಸಿದೆ. ಅದರಿಂದ ಹೊಸ ಖರೀದಿ ತಿರಸ್ಕಾರವಾಗುತ್ತದೆ ಅಷ್ಟೇ, ಹಳೇ ಅನುಮತಿಯ ಚಾರ್ಜ್ ಬಂದರೆ ಖಾತೆ ಮೈನಸ್ ಆಗಿಯೇ ಆಗುತ್ತದೆ.

ಮೊದಲು ಮಾಡಿದ ಕೆಲಸ ದುಡ್ಡು ತುಂಬಿದ್ದು. 195 ಅಲ್ಲ, 250. ಆ ವಾರ ಬರಬೇಕಿದ್ದ ಇನ್ನೊಂದು ಆಟೋ ಪೇಗೂ ಸೇರಿಸಿ ಹಾಕಿದೆ, ಇಲ್ಲದಿದ್ದರೆ ಮೂರನೇ ಶುಲ್ಕ ಖಚಿತ. ಇಲ್ಲಿ ಒಂದು ವಿಷಯ ಗಮನಿಸಿ. ಖಾತೆಗೆ ಜಮಾ ಆದದ್ದೆಲ್ಲ ಕೂಡಲೇ ಲೆಕ್ಕಕ್ಕೆ ಬರುವುದಿಲ್ಲ. ಚೆಕ್ ಹಾಕಿದರೆ ಅದು ಕ್ಲಿಯರ್ ಆಗುವವರೆಗೆ ಮೈನಸ್ ಹಾಗೇ ಕೂರಬಹುದು. ಬ್ಯಾಂಕಿನ ದಿನದ ಕಟ್-ಆಫ್ ಸಮಯ ಕೇಳಿಕೊಂಡು, ಅದಕ್ಕೆ ಮೊದಲೇ ಕೈಗೆ ಸಿಗುವ ದುಡ್ಡು ಹಾಕಿ. ಖಾತೆ ಮೈನಸ್‌ನಲ್ಲೇ ಉಳಿದರೆ ಕೆಲವು ಬ್ಯಾಂಕ್‌ಗಳು ಬೇರೆ ಶುಲ್ಕ ಹಾಕುತ್ತವೆ. ನನಗೆ ಅದೂ ಒಂದು ಬಿದ್ದಿತ್ತು.

ಆಮೇಲೆ ಶುಲ್ಕದ ಜಗಳ. ಚಾರ್ಜೇ ಸುಳ್ಳು ಅಂತ ದೂರು ಕೊಡಿ ಅಂದವರು ಬಹಳ ಜನ. ರೂಮಿನಲ್ಲಿ ಇದ್ದದ್ದು ನಿಜ, ದೂರು ಬಿದ್ದುಹೋಗುತ್ತದೆ, ಮುಂದೆ ನಮ್ಮ ಮಾತಿಗೂ ಬೆಲೆ ಇರುವುದಿಲ್ಲ. ನಾನು ಶುಲ್ಕವನ್ನಷ್ಟೇ ಹಿಡಿದೆ. ಸ್ಟೇಟ್‌ಮೆಂಟ್‌ನಲ್ಲಿ ವಹಿವಾಟಿನ ದಿನ, ಪೋಸ್ಟ್ ಆದ ದಿನ ಎರಡನ್ನೂ ಗುರುತು ಮಾಡಿದೆ. ಹೋಲ್ಡ್ ಇದ್ದಾಗಿನ ಸ್ಕ್ರೀನ್‌ಶಾಟ್, ಅದು ಬಿದ್ದ ಮೇಲಿನದು, ಎರಡೂ ಇಟ್ಟುಕೊಂಡಿದ್ದೆ. ಚಾರ್ಜ್‌ನ 23 ಅಂಕಿಯ ಎಆರ್‌ಎನ್ ಸಂಖ್ಯೆಯನ್ನೂ ಬ್ಯಾಂಕಿನಿಂದಲೇ ಪಡೆದೆ. ಆ ಸಂಖ್ಯೆ ಕೊಟ್ಟರೆ ಅಂಗಡಿಯವರು ಯಾವಾಗ ಕಳಿಸಿದರು ಅನ್ನುವುದನ್ನು ಹುಡುಕಬಹುದು.

ಫೋನಿನಲ್ಲಿ ಹೇಳಿದ್ದು ವ್ಯರ್ಥವಾಯಿತು. "ಬ್ಯಾಲೆನ್ಸ್ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ ಸರ್" ಅನ್ನುವ ಒಂದೇ ಉತ್ತರ. ಲಿಖಿತವಾಗಿ ಹೀಗೆ ಕಳಿಸಿದೆ: ನೀವು ಅನುಮತಿ ಕೊಟ್ಟ ಗಳಿಗೆಯಲ್ಲಿ 300 ಇತ್ತು, 200ಕ್ಕೆ ಸಾಕಾಗಿತ್ತು. ಹೋಲ್ಡ್ ತೆಗೆದದ್ದು ನಿಮ್ಮ ವ್ಯವಸ್ಥೆ, ನಾನಲ್ಲ. ಹಾಗಾಗಿ ಮೊದಲ ಶುಲ್ಕ ಸರಿಯಲ್ಲ. ಎರಡನೆಯದು ಮೊದಲನೆಯದರ ಬಾಲ. ಚಾರ್ಜ್ ಹೊತ್ತಿಗೆ ಸರಿಯಾಗಿ ಬಂದಿದ್ದರೆ 15ಕ್ಕೆ ದುಡ್ಡು ಇರುತ್ತಿತ್ತು. ಈ ಕೊನೆಯ ಮಾತನ್ನು ಬಿಡಬೇಡಿ. ಬಿಟ್ಟರೆ ಒಂದು ಶುಲ್ಕ ಮಾತ್ರ ವಾಪಸ್ ಕೊಟ್ಟು ಕಡತ ಮುಚ್ಚುತ್ತಾರೆ. ನನಗೂ ಮೊದಲು ಒಂದನ್ನೇ 'ಸದ್ಭಾವನೆಯಿಂದ' ಕೊಡುತ್ತೇವೆ ಅಂದರು. ಪತ್ರವನ್ನು ಬ್ಯಾಂಕಿನ ಒಳಗೆ ಯಾರ ಮೇಜಿಗೆ ತಲುಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಎರಡು ವಾರ ಕಳೆಯುವಷ್ಟರಲ್ಲಿ 60 ಜಮಾ ಆಗಿತ್ತು. ಮೈನಸ್‌ನಲ್ಲಿ ಉಳಿದದ್ದಕ್ಕೆ ಹಾಕಿದ ಶುಲ್ಕದಲ್ಲಿ ಅರ್ಧ ಬಂತು.

ಎಲ್ಲ ಕಡೆ ಈ ವಾದ ನಿಲ್ಲುವುದಿಲ್ಲ. ಹೋಲ್ಡ್ 200 ಆಗಿ ಬಿಲ್ 260 ಬಂದು, ಆ ಹೆಚ್ಚಿನ 60ರಿಂದಲೇ ಖಾತೆ ಮೈನಸ್ ಆಗಿದ್ದರೆ ಬ್ಯಾಂಕಿನ ಹತ್ತಿರ ಒಳ್ಳೆ ಉತ್ತರ ಇರುತ್ತದೆ. ಆಗ ಮೊದಲು ಹೋಟೆಲ್‌ನಿಂದ ವಿವರವಾದ ಬಿಲ್ ತರಿಸಿ, ಆ 60 ಯಾತಕ್ಕೆ ಅಂತ ಅವರನ್ನೇ ಕೇಳಬೇಕು.