ಹೆಸರು ಮರೆತ ತಾಣವನ್ನು ಮತ್ತೆ ಹಿಡಿದದ್ದು ಹೀಗೆ

ಹಳೆಯ ಪುಸ್ತಕವೊಂದರ ಹಾಳೆಗಳು ಕಿತ್ತು ಬಂದಿದ್ದವು. ಅದನ್ನು ಮತ್ತೆ ಹೊಲಿಯುವುದು ಹೇಗೆಂದು ಒಂದು ತಾಣದಲ್ಲಿ ಬಹಳ ಚೆನ್ನಾಗಿ ಓದಿದ್ದೆ. ಇಂಗ್ಲಿಷಿನಲ್ಲಿತ್ತು, ಕೈಯಲ್ಲಿ ಬಿಡಿಸಿದ ಚಿತ್ರಗಳಿದ್ದವು. ನಾಲ್ಕು ತಿಂಗಳ ಮೇಲೆ ಸೂಜಿ ದಾರ ಹಿಡಿದು ಕೂತಾಗ ತಾಣದ ಹೆಸರು ಮಾತ್ರ ನೆನಪಿಗೆ ಬರಲೇ ಇಲ್ಲ.

ಮೊದಲು ಹೋದದ್ದು ಹಿಸ್ಟರಿಗೆ. ನಾನು ಬಳಸುವುದು ಕ್ರೋಮ್. `Ctrl+H` ಒತ್ತಿ `bookbinding` ಎಂದು ಹುಡುಕಿದೆ. ಬೇಕಾದದ್ದು ಸಿಗಲಿಲ್ಲ. ಹಳೆಯ ದಿನಗಳತ್ತ ಇಳಿಯುತ್ತಾ ಹೋದೆ, ಮೂರು ತಿಂಗಳ ಹಿಂದಕ್ಕೆ ಪಟ್ಟಿ ಮುಗಿದೇ ಹೋಯಿತು. ಕ್ರೋಮ್ ಸುಮಾರು 90 ದಿನಗಳ ಹಿಸ್ಟರಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಪುಟವನ್ನು ನೋಡಿ 90 ದಿನ ಆಗಿಲ್ಲದಿದ್ದರೆ ನಾನು ಪದಕ್ಕಿಂತ ದಿನವನ್ನು ಹಿಡಿದು ಹುಡುಕುತ್ತೇನೆ. ಅದೇ ಹೊತ್ತಿಗೆ ಇನ್ನೇನು ನೋಡುತ್ತಿದ್ದೆ ಎಂದು ಯೋಚಿಸಿ, ಆ ಇನ್ನೊಂದು ಪುಟವನ್ನು ಹಿಸ್ಟರಿಯಲ್ಲಿ ಹುಡುಕಿ, ಅದರ ತಾರೀಖು ಮತ್ತು ಸಮಯ ನೋಡಿಕೊಳ್ಳುತ್ತೇನೆ. ಆಮೇಲೆ ಹುಡುಕಿದ ಪದವನ್ನು ಅಳಿಸಿ, ಪೂರ್ತಿ ಪಟ್ಟಿಯಲ್ಲಿ ಅದೇ ಹೊತ್ತಿಗೆ ಹೋದರೆ ಬೇಕಾದದ್ದು ಅಕ್ಕಪಕ್ಕದಲ್ಲೇ ಇರುತ್ತದೆ. ಪದವನ್ನು ಅಳಿಸುವುದು ಮುಖ್ಯ. ಇಲ್ಲದಿದ್ದರೆ ಆ ಪದ ಇಲ್ಲದ ನೆರೆಹೊರೆ ಕಾಣುವುದೇ ಇಲ್ಲ.

ಮುಂದೆ ಬುಕ್‌ಮಾರ್ಕ್. `Ctrl+Shift+O` ಒತ್ತಿ `book`, `binding`, `sewing` ಎಂದೆಲ್ಲ ಹುಡುಕಿದೆ. ಇಲ್ಲೂ ಇಲ್ಲ. ಹಾಗಾದರೆ ಉಳಿಸಿಕೊಂಡೇ ಇಲ್ಲ ಅಂದುಕೊಂಡೆ.

ಇನ್ನು ಉಳಿದದ್ದು ನೆನಪಿನಲ್ಲಿದ್ದ ಮಾತು. ಕಾಗದದ ನಾರು ಪುಸ್ತಕದ ಬೆನ್ನಿನ ಉದ್ದಕ್ಕೇ ಹರಿಯಬೇಕು, ಇಲ್ಲದಿದ್ದರೆ ಹಾಳೆ ಸರಿಯಾಗಿ ಮಡಚುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಆ ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದೆ. ಒಂದೂ ಸಿಗಲಿಲ್ಲ. ಚಿಹ್ನೆಯೊಳಗೆ ಹಾಕಿದರೆ ಅದೇ ಪದಗಳು ಅದೇ ಸಾಲಿನಲ್ಲಿ ಇರಬೇಕು, ಒಂದು ಪದ ತಪ್ಪಿದರೂ ಆಯಿತು. ನಮಗೆ ನೆನಪಿರುವುದು ಮಾತಿನ ಅರ್ಥ, ಪದಗಳಲ್ಲ ಅಲ್ವಾ? ಚಿಹ್ನೆ ತೆಗೆದು ಹುಡುಕಿದರೆ ಉಲ್ಟಾ ತೊಂದರೆ: ಪುಸ್ತಕ ಹೊಲಿಯುವ ಬಗ್ಗೆ ಇರುವ ತಾಣಗಳೆಲ್ಲ ಸಾಲಾಗಿ ಬಂದು ನಿಂತವು. ನಾರಿನ ಮಾತನ್ನು ಈ ಕೆಲಸ ಗೊತ್ತಿರುವವರೆಲ್ಲ ಹೇಳುತ್ತಾರೆ.

ಹಾಗಾಗಿ ಬೇರೆಯವರು ಹೇಳದ ಮಾತು ಆ ಪುಟದಲ್ಲಿ ಏನಿತ್ತು ಎಂದು ಕೇಳಿಕೊಂಡೆ. ಆಗ ಚಮಚ ನೆನಪಾಯಿತು. ಮಡಿಕೆ ತೀಡಲು ಎಲುಬಿನ ಪಟ್ಟಿಯಂಥ ಒಂದು ಸಾಧನ ಬಳಸುವುದು ರೂಢಿ. ಈ ಲೇಖಕರು ಅದರ ಬದಲು ಚಮಚದ ಹಿಂಬದಿಯಿಂದ ತೀಡಿ ಎಂದಿದ್ದರು. ವಾಕ್ಯ ಬಿಟ್ಟು ಎರಡು ಚಿಕ್ಕ ತುಂಡುಗಳನ್ನು ಮಾತ್ರ ಹಾಕಿದೆ:

```
"back of a spoon" "parallel to the spine"
```

ಇಂಥ ತುಂಡುಗಳನ್ನು ಬೇರೆ ರೀತಿ ಹೇಳುವುದು ಕಡಿಮೆ, ಅದಕ್ಕೇ ನೆನಪು ತಪ್ಪುವುದೂ ಕಡಿಮೆ. ಒಂದು ತುಂಡು ವಿಷಯ ಹಿಡಿಯುತ್ತದೆ, ಇನ್ನೊಂದು ಆ ಲೇಖಕರನ್ನು ಹಿಡಿಯುತ್ತದೆ. ಮೂರನೆಯ ಫಲಿತಾಂಶ ತೆರೆದ ಕೂಡಲೇ ಅದೇ ಚಿತ್ರಗಳು! ತುಂಬಾ ಖುಷಿಯಾಯಿತು.

ಆಮೇಲೆ ವಿಳಾಸದ ಪಟ್ಟಿ ನೋಡಿದೆ. ಅಲ್ಲಿದ್ದ ನಕ್ಷತ್ರಕ್ಕೆ ಬಣ್ಣ ತುಂಬಿತ್ತು. ಅಂದರೆ ಈ ಪುಟವನ್ನು ನಾನು ಆಗಲೇ ಬುಕ್‌ಮಾರ್ಕ್ ಮಾಡಿದ್ದೆ. ಸಿಗದಿದ್ದದ್ದು ಏಕೆಂದರೆ ಅದರ ಶೀರ್ಷಿಕೆ `Notes 7` ಎಂದಷ್ಟೇ ಇತ್ತು, ವಿಳಾಸದಲ್ಲೂ ಪುಸ್ತಕದ ಸುಳಿವಿರಲಿಲ್ಲ. ಬುಕ್‌ಮಾರ್ಕ್ ಹುಡುಕಾಟ ನೋಡುವುದು ನಾವು ಇಟ್ಟ ಹೆಸರು ಮತ್ತು ವಿಳಾಸವನ್ನು. ಒಳಗೆ ಓದಿದ ಮಾತುಗಳು ಅದಕ್ಕೆ ಗೊತ್ತಿರುವುದಿಲ್ಲ. ಹೊಸ ಬುಕ್‌ಮಾರ್ಕ್ ಫೋಲ್ಡರಿನ ಕೊನೆಗೆ ಸೇರುತ್ತದೆ, ಹಾಗಾಗಿ ಪದ ಹುಡುಕದೆ ಪಟ್ಟಿಯ ಕೊನೆಯಿಂದ ಸುಮ್ನೆ ಮೇಲಕ್ಕೆ ಹೋಗಿದ್ದರೂ `Notes 7` ಕಣ್ಣಿಗೆ ಬೀಳುತ್ತಿತ್ತು.

ಈಗ `Ctrl+D` ಒತ್ತಿದಾಗ ಬರುವ ಹೆಸರನ್ನು ಹಾಗೇ ಬಿಡುವುದಿಲ್ಲ. ಮುಂದೆ ನನಗೆ ನೆನಪಾಗುವಂಥ ಎರಡು ಮೂರು ಪದ ಅಲ್ಲೇ ಸೇರಿಸುತ್ತೇನೆ. ಆ ಪುಟದ ಹೆಸರು ಈಗ ‘ಪುಸ್ತಕ ಹೊಲಿಗೆ, ಚಮಚ, ಕೈಚಿತ್ರ’. ವಿಳಾಸದ ಪಟ್ಟಿಯಲ್ಲಿ `@bookmarks` ಎಂದು ಬರೆದು ಟ್ಯಾಬ್ ಕೀಲಿ ಒತ್ತಿ ‘ಚಮಚ’ ಎಂದರೆ ಸಾಕು, ಬಂದು ನಿಲ್ಲುತ್ತದೆ.