ಅರ್ಜಿಯ ವಾಕ್ಯ ಅರ್ಧಕ್ಕೆ ಇಳಿಸುವುದು ಹೇಗೆ?

ಸಕಲೇಶಪುರದಲ್ಲಿ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ. ಅರ್ಜಿ, ದೂರು, ಮನವಿ ಪತ್ರ, ಸಂಘದ ನೋಟಿಸು, ದಿನವಿಡೀ ಇದೇ ಕೆಲಸ. ಕಳೆದ ಮಳೆಗಾಲದಲ್ಲಿ ಹೆತ್ತೂರು ಕಡೆಯ ಬೆಳೆಗಾರರೊಬ್ಬರು ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟರು. ತೋಟಕ್ಕೆ ಆನೆ ಬಂದಿತ್ತು. ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಅವರು ಬರೆದುಕೊಂಡು ಬಂದಿದ್ದು ಹೀಗಿತ್ತು:

"ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ಗ್ರಾಮದಲ್ಲಿ ಇರುವಂತಹ ನಮ್ಮ ಕಾಫಿ ತೋಟದ ಒಳಭಾಗಕ್ಕೆ ಜೂನ್ 14ರ ರಾತ್ರಿ ಸಮಯದಲ್ಲಿ ಕಾಡಾನೆಗಳು ಪ್ರವೇಶ ಮಾಡಿದ್ದು, ಸುಮಾರು 37 ಕಾಫಿ ಗಿಡಗಳು ಹಾಗೂ 22 ಬಾಳೆ ಗಿಡಗಳನ್ನು ಸಹ ಕೂಡ ನಾಶ ಮಾಡಿರುತ್ತವೆ. ಈ ಬಗ್ಗೆ ನಮ್ಮಿಂದ ಈಗಾಗಲೇ ತಮ್ಮ ಕಚೇರಿಗೆ ದೂರವಾಣಿ ಮೂಲಕ ಮಾಹಿತಿ ನೀಡಲಾಗಿರುತ್ತದೆ. ಆದರೆ ಇದುವರೆಗೂ ಯಾರೊಬ್ಬರೂ ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸುವ ಕಾರ್ಯ ಕೈಗೊಂಡಿರುವುದಿಲ್ಲ. ಆದ್ದರಿಂದ ತಾವುಗಳು ದಯಮಾಡಿ ಆದಷ್ಟು ಬೇಗನೆ ಸ್ಥಳ ಪರಿಶೀಲನೆ ಮಾಡಿಸಿ ಪರಿಹಾರ ಒದಗಿಸಿಕೊಡಬೇಕೆಂದು ತಮ್ಮಲ್ಲಿ ಕೋರಿಕೊಳ್ಳುತ್ತೇನೆ."

ಒಟ್ಟು 63 ಪದ. ಇದನ್ನು ಪದಪದವಾಗಿ ಹಿಡಿದು ಹೇಗೆ ಇಳಿಸಿದೆವು ಅಂತ ಹೇಳುತ್ತೇನೆ. ನಿಮ್ಮ ಅರ್ಜಿಗೂ ಇದೇ ದಾರಿ.

ಮೊದಲು ಪೆನ್ನು ತೆಗೆದುಕೊಂಡು, ಕೈ ಹಾಕಬಾರದ ಪದಗಳ ಕೆಳಗೆ ಗೆರೆ ಎಳೆಯಿರಿ. ಯಾರು, ಯಾವತ್ತು, ಎಲ್ಲಿ, ಎಷ್ಟು, ಏನು ಬೇಕು. ಇಲ್ಲಿ ಕಾಡಾನೆ, ಜೂನ್ 14ರ ರಾತ್ರಿ, ಕಾಫಿ ತೋಟ, 37, 22, ಪರಿಹಾರ. ಗೆರೆ ಎಳೆಯದೆ ಕತ್ತರಿಸಲು ಹೊರಟರೆ ಬೇಡದ್ದರ ಜೊತೆ ಬೇಕಾದ್ದೂ ಹೋಗಿಬಿಡುತ್ತದೆ. ಊರಿನ ಹೆಸರು, ಸರ್ವೆ ನಂಬರು ಅರ್ಜಿಯ ತಲೆಯಲ್ಲೇ ಇದ್ದವು. ಹಾಗಾಗಿ "ಸದರಿ ಗ್ರಾಮದಲ್ಲಿ ಇರುವಂತಹ" ಎಂಬುದನ್ನು ಪೂರ್ತಿ ತೆಗೆದೆ. ತಲೆಯಲ್ಲಿ ಇಲ್ಲದಿದ್ದರೆ ಊರಿನ ಹೆಸರನ್ನೇ ಬರೆಯಬೇಕಿತ್ತು. "ಸದರಿ" ಯಾವ ಊರನ್ನೂ ತೋರಿಸುವುದಿಲ್ಲ.

ಆಮೇಲೆ ಕ್ರಿಯಾಪದಗಳಿಗೆ ಬನ್ನಿ. ಉದ್ದ ಜಾಸ್ತಿಯಾಗುವುದು ಇಲ್ಲೇ. ನಮ್ಮ ಬರವಣಿಗೆಯಲ್ಲಿ ಒಂದು ರೂಢಿ ಬಂದುಬಿಟ್ಟಿದೆ: ಕೆಲಸವನ್ನು ಒಂದು ಹೆಸರಿಗೆ ಕಟ್ಟಿ, ಅದರ ಹಿಂದೆ ಮಾಡು, ನಡೆಸು, ನೀಡು, ಕೈಗೊಳ್ಳು ಎಂದು ಇನ್ನೊಂದು ಪದ ಜೋಡಿಸುವುದು. ಖರೀದಿ ಮಾಡಿದರು, ಮಾರಾಟ ಮಾಡಿದರು, ವಿತರಣೆ ಮಾಡಿದರು, ನಿರ್ಮಾಣ ಮಾಡಿದರು. ಇವುಗಳಿಗೆಲ್ಲ ಕನ್ನಡದಲ್ಲಿ ಒಂದೊಂದೇ ಪದ ಇದೆ: ಕೊಂಡರು, ಮಾರಿದರು, ಹಂಚಿದರು, ಕಟ್ಟಿದರು. ಸಂತೆಯಲ್ಲಿ ಯಾರೂ "ಎರಡು ಕೆಜಿ ಟೊಮೆಟೊ ಖರೀದಿ ಮಾಡಿದೆ" ಅನ್ನುವುದಿಲ್ಲ, ಅಲ್ವಾ?

ಒಂದೇ ಪದ ಹುಡುಕುವಾಗ ಎರಡು ಮೆಟ್ಟಿಲು ಇಳಿಯಬಹುದು. ಪರಿಶೀಲನೆ ನಡೆಸು ಎಂಬುದು ಮೊದಲು ಪರಿಶೀಲಿಸು ಆಗುತ್ತದೆ. ಇನ್ನೂ ಇಳಿದರೆ ನೋಡು. ಪ್ರವೇಶ ಮಾಡು, ಪ್ರವೇಶಿಸು, ಆಮೇಲೆ ನುಗ್ಗು. ಎರಡನೇ ಮೆಟ್ಟಿಲು ಯಾವಾಗಲೂ ಸರಿ ಅಂತಲ್ಲ. ಕಚೇರಿಯ ದಾಖಲೆಯಲ್ಲಿ "ಸ್ಥಳ ಪರಿಶೀಲನೆ" ಎನ್ನುವುದು ಒಂದು ಗೊತ್ತಾದ ಕೆಲಸದ ಹೆಸರು. ಅದನ್ನು ಕೇಳುವಾಗ "ಬಂದು ನೋಡಿ" ಅಂದರೆ ತೂಕ ಕಡಿಮೆಯಾಗುತ್ತದೆ. ಅಲ್ಲಿ "ಪರಿಶೀಲಿಸಿ" ಸಾಕು ಎಂದು ನಿಲ್ಲಿಸಿದೆ. ಯಾರೂ ಬರಲಿಲ್ಲ ಎಂದು ದೂರುವ ವಾಕ್ಯದಲ್ಲಿ ಮಾತ್ರ "ಬಂದು ನೋಡಿಲ್ಲ" ಎಂದೇ ಹಾಕಿದೆ.

ಒಂದೇ ಪದ ಬೇಕು ಅಂದಾಗ ಇನ್ನೊಂದು ಲಾಭ ಸಿಗುತ್ತದೆ. "ನಾಶ ಮಾಡಿರುತ್ತವೆ" ಎಂಬುದರ ಜಾಗಕ್ಕೆ ಪದ ಹುಡುಕುವಾಗ ನಾನು ಕೇಳಬೇಕಾಯಿತು: "ಅಣ್ಣಾ, ಗಿಡ ಏನಾಗಿದೆ? ಕಿತ್ತಿದ್ದಾವಾ, ತುಳಿದಿದ್ದಾವಾ?"

"ಕಾಫಿ ಗಿಡ ಮುರಿದಿದ್ದಾವೆ ಅಕ್ಕಾ. ಬಾಳೆ ಪೂರ್ತಿ ತಿಂದುಕೊಂಡು ಹೋಗಿದ್ದಾವೆ."

ಆ "ನಾಶ" ಎಂಬ ಪದದೊಳಗೆ ಎರಡು ಬೇರೆ ಸಂಗತಿ ಅಡಗಿದ್ದವು. ಮುರಿದು, ತಿಂದಿವೆ ಎಂದು ಬರೆದ ಮೇಲೆ, ತೋಟಕ್ಕೆ ಬರುವವರಿಗೆ ಏನು ನೋಡಬೇಕು ಅಂತ ಮೊದಲೇ ಗೊತ್ತಾಗುತ್ತದೆ.

ಆದರೆ ಎಲ್ಲ ಜೋಡಿಯೂ ಒಂದು ಪದಕ್ಕೆ ಇಳಿಯುವುದಿಲ್ಲ. ತನಿಖೆ ನಡೆಸು, ಮದುವೆ ಮಾಡು, ಸಹಾಯ ಮಾಡು, ಇವನ್ನು ಹಾಗೇ ಬಿಡಿ. "ಸಹಾಯಿಸು" ಎಂದರೆ ಓದುವವರು ಅಲ್ಲೇ ತಡವರಿಸುತ್ತಾರೆ. ಫೋನ್ ಮಾಡು ಕೂಡ ಹಾಗೇ. "ಫೋನಿಸಿದೆ" ಎಂದು ಅರ್ಜಿಯಲ್ಲಿ ಬರೆದರೆ ತಮಾಷೆ ಮಾಡಿದಂತಿರುತ್ತದೆ. ಮನೆಯವರ ಹತ್ತಿರ ಆ ಪದ ಆಡಿ ನೋಡಿ. ಬಾಯಲ್ಲಿ ನಿಂತರೆ ಬರೆಯಿರಿ, ಇಲ್ಲದಿದ್ದರೆ ಜೋಡಿಯೇ ಇರಲಿ.

ಮೂರನೆಯದು ಕ್ರಿಯಾಪದದ ಬಾಲ. "ನಮ್ಮಿಂದ ಮಾಹಿತಿ ನೀಡಲಾಗಿರುತ್ತದೆ." ಈ "ಲಾಗು" ಕಂಡ ಕೂಡಲೇ ಮಾಡಿದ್ದು ಯಾರು ಎಂದು ಕೇಳಿ. ಇಲ್ಲಿ ಮಾಡಿದ್ದು ಅರ್ಜಿದಾರರೇ. ಹಾಗಿದ್ದರೆ "ತಿಳಿಸಿದ್ದೇನೆ". ಕನ್ನಡದ ಕ್ರಿಯಾಪದ ತನ್ನ ತುದಿಯಲ್ಲೇ ಯಾರೆಂದು ಹೇಳುವುದರಿಂದ "ನಾನು", "ನಮ್ಮಿಂದ" ಎರಡೂ ಬೇಕಾಗಲಿಲ್ಲ. ಆದರೆ ಒಂದು ಕಡೆ ಜೋಪಾನ. ಮೊದಲು ನಾನು "ತಿಳಿಸಿದೆ" ಎಂದು ಟೈಪ್ ಮಾಡಿದ್ದೆ. ಓದಿದರೆ, ತಿಳಿಸಿದ್ದು ನಾನೋ, ಇಲಾಖೆಯೋ ಗೊತ್ತಾಗುವುದಿಲ್ಲ. "ನಾನು ತಿಳಿಸಿದೆ", "ಇಲಾಖೆ ತಿಳಿಸಿದೆ" ಎರಡಕ್ಕೂ ಒಂದೇ ರೂಪ. ಅದಕ್ಕೇ "ತಿಳಿಸಿದ್ದೇನೆ" ಎಂದು ತಿದ್ದಿದೆ. "ನಾನು" ತೆಗೆದ ಪ್ರತಿ ವಾಕ್ಯವನ್ನೂ ಹೀಗೆ ಒಮ್ಮೆ ನೋಡಿಕೊಳ್ಳಿ. ಮಾಡಿದವರು ಯಾರೆಂದು ನಿಜವಾಗಿ ಗೊತ್ತಿಲ್ಲದಿದ್ದರೆ "ಲಾಗು" ಇರಲಿ. ಉದ್ದ ಕಡಿಮೆ ಮಾಡಲು ಯಾರ ಹೆಸರನ್ನೂ ಊಹಿಸಿ ಹಾಕಬೇಡಿ.

ಇದರ ಪಕ್ಕದಲ್ಲೇ ಕೂತಿರುವುದು "ಇರುತ್ತದೆ", "ಇರುತ್ತವೆ". ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಗಿಡ ಮುರಿದದ್ದು ನೋಡಿ ಮನೆಯಲ್ಲಿ "ಆನೆ ಮುರಿದಿರುತ್ತೆ" ಅಂದರೆ ಏನರ್ಥ? ಮುರಿದಿರಬಹುದು, ನಾನು ನೋಡಿಲ್ಲ, ಅಂತ ತಾನೇ? ಅರ್ಜಿಯಲ್ಲಿ "ನಾಶ ಮಾಡಿರುತ್ತವೆ" ಎಂದು ಬರೆಯುವವರು ಗೌರವಕ್ಕೆ ಎಂದು ಬರೆಯುತ್ತಾರೆ. ಓದಿದರೆ ಊಹೆಯಂತೆ ಕೇಳಿಸುತ್ತದೆ. "ತಿಂದಿವೆ" ಎಂದರೆ ಚಿಕ್ಕದೂ ಹೌದು, ಖಚಿತವೂ ಹೌದು. "ಇದು ನಮ್ಮ ತೋಟ ಆಗಿರುತ್ತದೆ" ಎಂಬ ವಾಕ್ಯಗಳೂ ದಿನಾ ಬರುತ್ತವೆ. ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಕಿಲ್ಲ. ಇದು ನಮ್ಮ ತೋಟ. ಮುಗಿಯಿತು.

ನಾಲ್ಕನೆಯದಾಗಿ ಸುಮ್ನೆ ಸೇರಿಕೊಂಡ ಪದಗಳು. ಇದು ಬೇಗ ಆಗುವ ಕೆಲಸ. "ಇರುವಂತಹ", "ಮಾಡುವಂತಹ" ಎಂಬಲ್ಲಿ "ಅಂತಹ" ತೆಗೆದು ಇರುವ, ಮಾಡುವ ಎಂದರೆ ಅರ್ಥ ಹಾಗೇ ಇರುತ್ತದೆ. "ಸಹ ಕೂಡ" ಎಂಬಲ್ಲಿ ಒಂದು ಸಾಕು. ಇಲ್ಲಿ ಎರಡೂ ಬೇಡವಾಗಿತ್ತು. "ರಾತ್ರಿ ಸಮಯದಲ್ಲಿ" ಎಂದರೆ ರಾತ್ರಿ. "ತೋಟದ ಒಳಭಾಗಕ್ಕೆ" ಎಂದರೆ ತೋಟಕ್ಕೆ. "ತಾವು" ಎಂಬುದರಲ್ಲೇ ಗೌರವ ಇದೆ, ಅದಕ್ಕೆ "ಗಳು" ಬೇಡ. "ಸುಮಾರು 37" ಎಂಬುದನ್ನು ನೋಡಿ ಕೇಳಿದೆ: "ಎಣಿಸಿದ್ರಾ ಅಣ್ಣಾ?" "ಎರಡು ಸಲ ಎಣಿಸಿದೀನಿ." ಎಣಿಸಿದ ಲೆಕ್ಕಕ್ಕೆ ಸುಮಾರು ಯಾಕೆ? ತೆಗೆದೆ. ಎಣಿಸಿರದಿದ್ದರೆ ಅದು ಇರಲೇಬೇಕಿತ್ತು. ಅನುಮಾನ ತಿಳಿಸುವ ಪದಗಳು, ಯಾರು ಹೇಳಿದ್ದು ಎಂದು ತಿಳಿಸುವ ಪದಗಳು ಚಿಕ್ಕವಾದರೂ ಭರ್ತಿಯಲ್ಲ. ಹಾಗೇ ಗಿಡಗಂಟಿ, ಮನೆಮಠ, ಹೊಲಗದ್ದೆ ಎಂಬ ಜೋಡಿಗಳನ್ನು ಮುಟ್ಟಬೇಡಿ. ಗಿಡಗಂಟಿ ಬೆಳೆದಿದೆ ಎನ್ನುವಲ್ಲಿ ಬರೀ ಗಿಡ ಅಂದರೆ ಬೇರೆಯದೇ ಚಿತ್ರ ಬರುತ್ತದೆ.

"ದಯಮಾಡಿ", "ತಮ್ಮಲ್ಲಿ", "ಕೋರಿಕೊಳ್ಳುತ್ತೇನೆ", "ಒದಗಿಸಿಕೊಡಬೇಕು", ಒಂದೇ ವಾಕ್ಯದಲ್ಲಿ ವಿನಯ ನಾಲ್ಕು ಸಲ ಬಂದಿತ್ತು. ಎಲ್ಲವನ್ನೂ ತೆಗೆಯಲು ಅವರು ಒಪ್ಪಲಿಲ್ಲ. ಅದು ಸರಿಯೇ. ದಯವಿಟ್ಟು ಒಂದು ಸಲ, ಕೋರುತ್ತೇನೆ ಒಂದು ಸಲ ಉಳಿಸಿದೆವು.

ಪದ ಎಣಿಸುವಾಗ ಒಂದು ಮೋಸಕ್ಕೆ ಬೀಳಬೇಡಿ. ಕನ್ನಡದಲ್ಲಿ ಪದಗಳನ್ನು ಅಂಟಿಸಿದರೆ ಲೆಕ್ಕ ಕಡಿಮೆಯಾಗುತ್ತದೆ, ಉದ್ದ ಆಗುವುದಿಲ್ಲ. "ತರಬಯಸುವುದೇನೆಂದರೆ" ಲೆಕ್ಕಕ್ಕೆ ಒಂದೇ ಪದ, ಆದರೆ ಒಂದೇ ಉಸಿರಿಗೆ ಓದುವುದು ಕಷ್ಟ. ಅದಕ್ಕೇ ಕೊನೆಗೆ ಜೋರಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ಇನ್ನೂ ಒಂದು ಗಂಟು ಉಳಿದಿದೆ ಎಂದರ್ಥ.

"ಈಗಾಗಲೇ" ಎಂಬುದರ ಜಾಗಕ್ಕೆ ಯಾವತ್ತು ಎಂದು ಕೇಳಿ ಹಾಕಿದೆ. ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದ್ದರಂತೆ. ಕೊನೆಗೆ ಬಂದದ್ದು ಇದು:

"ಜೂನ್ 14ರ ರಾತ್ರಿ ಕಾಡಾನೆಗಳು ನಮ್ಮ ಕಾಫಿ ತೋಟಕ್ಕೆ ನುಗ್ಗಿ 37 ಕಾಫಿ ಗಿಡ ಮುರಿದು, 22 ಬಾಳೆ ತಿಂದಿವೆ. 15ರ ಬೆಳಿಗ್ಗೆ ತಮ್ಮ ಕಚೇರಿಗೆ ಫೋನ್ ಮಾಡಿ ತಿಳಿಸಿದ್ದೇನೆ. ಇದುವರೆಗೆ ಯಾರೂ ಬಂದು ನೋಡಿಲ್ಲ. ದಯವಿಟ್ಟು ಬೇಗ ಸ್ಥಳ ಪರಿಶೀಲಿಸಿ ಪರಿಹಾರ ಕೊಡಿಸಬೇಕೆಂದು ಕೋರುತ್ತೇನೆ."

33 ಪದ. ಅವರು ಎರಡು ಸಲ ಓದಿಕೊಂಡರು. ಆಮೇಲೆ ಹಾಳೆಯ ಕೆಳಗೆ ಬೆರಳಿಟ್ಟು, "ಜಾಗ ಉಳಿದಿದೆಯಲ್ಲ ಅಕ್ಕಾ, ಇನ್ನೊಂದು ವಿಷಯ ಹಾಕಬಹುದಾ?" ಎಂದರು. ಅವರ ಮೊದಲಿನ ಅರ್ಜಿಯಲ್ಲಿ ಎಲ್ಲೂ ಇಲ್ಲದ ಮಾತದು. ಎರಡನೇ ವಾಕ್ಯದ ಮೊದಲು ಅದನ್ನು ಸೇರಿಸಿ ಪ್ರಿಂಟ್ ಕೊಟ್ಟೆ: "ಹಳ್ಳದ ಕಡೆಯ ಬೇಲಿ ಮುರಿದು ಒಳಗೆ ಬಂದಿವೆ, ಆ ಜಾಗ ಇನ್ನೂ ತೆರೆದೇ ಇದೆ."