ನಡುವಿನ ಕುರ್ಚಿಯಲ್ಲಿ ಕುಳಿತವರು ಯಾರು? ಹಳೆಯ ಗ್ರೂಪ್ ಫೋಟೊ ಓದುವ ಬಗೆ

ಶಾಲೆಯ ಕಚೇರಿ, ಸಹಕಾರ ಸಂಘದ ಗೋಡೆ, ಕ್ಲಬ್ಬಿನ ಪಡಸಾಲೆ, ಅಜ್ಜನ ಪೆಟ್ಟಿಗೆಯ ತಳ — ಇಂಥ ಕಡೆಗಳಲ್ಲಿ ಒಂದಲ್ಲ ಒಂದು ಗ್ರೂಪ್ ಫೋಟೊ ಸಿಕ್ಕೇ ಸಿಗುತ್ತದೆ. ಮುಂದೆ ಕುರ್ಚಿಗಳ ಸಾಲು, ಹಿಂದೆ ನಿಂತವರು, ನೆಲದ ಮೇಲೆ ಮಕ್ಕಳೋ ಕಿರಿಯರೋ. ಅಡಿಬರಹ ಹರಿದುಹೋಗಿರುತ್ತದೆ, ಹೆಸರು ಬಲ್ಲವರು ಉಳಿದಿರುವುದಿಲ್ಲ. ಆದರೂ ಇಂಥ ಚಿತ್ರದಲ್ಲಿ ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರಿರಬಹುದು ಎಂದು ಸಾಕಷ್ಟು ದೂರದವರೆಗೆ ಊಹಿಸಬಹುದು. ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಫೋಟೊಗ್ರಾಫರ್ ಬರುವ ಮುನ್ನವೇ ಯಾರೋ ಒಬ್ಬರು ಪಟ್ಟಿ ಮಾಡಿರುತ್ತಿದ್ದರು. ಆ ಪಟ್ಟಿಯನ್ನೇ ನಾವು ಚಿತ್ರದಿಂದ ಹಿಂದಕ್ಕೆ ಓದುವುದು. ಅದು ಹೇಳುವುದು ಆ ದಿನ ಯಾರಿಗೆ ಎಷ್ಟು ಮಾನ ಸಲ್ಲುತ್ತಿತ್ತು ಎಂಬುದನ್ನು ಮಾತ್ರ. ಕೆಲಸ ಮಾಡಿದವರು ಯಾರು ಎಂಬುದು ಬೇರೆಯೇ ಪ್ರಶ್ನೆ.

ಮೊದಲು ಎಡ, ಬಲ ಸರಿಯಿದೆಯೇ ನೋಡಿ

ನೆಗೆಟಿವ್ ತಿರುವಿಟ್ಟು ಮುದ್ರಿಸಿದ ಚಿತ್ರಗಳು ನೀವು ತಿಳಿದಿರುವುದಕ್ಕಿಂತ ಹೆಚ್ಚು. ಅಂಥ ಚಿತ್ರವನ್ನು ಎಷ್ಟು ಜಾಣತನದಿಂದ ಓದಿದರೂ ಉತ್ತರ ತಲೆಕೆಳಗು. ಫಲಕದ ಮೇಲೋ ಷೀಲ್ಡಿನ ಮೇಲೋ ಅಕ್ಷರವಿದ್ದರೆ ಸಮಸ್ಯೆಯೇ ಇಲ್ಲ. ಇಲ್ಲದಿದ್ದರೆ ಕೋಟುಗಳನ್ನು ನೋಡಿ. ಎದೆಯ ಜೇಬು ತೊಟ್ಟವರ ಎಡಗಡೆಗೆ, ಅಂದರೆ ನೋಡುವ ನಿಮ್ಮ ಬಲಗಡೆಗೆ ಇರಬೇಕು. ಹೆಂಗಸರ ಸೀರೆಯ ಸೆರಗೂ ಸಾಮಾನ್ಯವಾಗಿ ಎಡ ಭುಜದ ಮೇಲೆಯೇ. ಆದರೆ ಕೊಡಗಿನ ಸಂಘವೊಂದರ ಚಿತ್ರವಾದರೆ ಈ ಗುರುತನ್ನು ನಂಬಬೇಡಿ, ಕೊಡವ ಉಡುಗೆಯಲ್ಲಿ ಸೆರಗನ್ನು ಬಲ ಭುಜಕ್ಕೆ ತಂದು ಸಿಕ್ಕಿಸುತ್ತಾರೆ. ಒಬ್ಬರ ಉಡುಪಿನಿಂದ ತೀರ್ಮಾನಕ್ಕೆ ಬರದೆ ಮೂರು ನಾಲ್ಕು ಜನರದ್ದನ್ನು ಹೋಲಿಸಿ.

ಹಾಗೆಯೇ ಚಿತ್ರದ ಅಂಚನ್ನು ಕತ್ತರಿಸಲಾಗಿದೆಯೇ ಎಂದು ಗಮನಿಸಿ. ಚೌಕಟ್ಟಿಗೆ ಹಿಡಿಸಲೆಂದು ಒಂದು ಕಡೆಯ ಇಬ್ಬರನ್ನು ಕತ್ತರಿಸಿದ್ದರೆ ನಡುವಿನ ಕುರ್ಚಿಯೇ ಬದಲಾಗಿಬಿಡುತ್ತದೆ. ಹಿಂದಿನ ಬಾಗಿಲು, ಮೆಟ್ಟಿಲು, ಕಮಾನು ಅಥವಾ ನೆಲಕ್ಕೆ ಹಾಸಿದ ಜಮಖಾನೆಯ ನಡುಭಾಗ ಎಲ್ಲಿದೆ ನೋಡಿ. ಫೋಟೊಗ್ರಾಫರ್ ಸಾಮಾನ್ಯವಾಗಿ ಅದಕ್ಕೇ ಹೊಂದಿಸಿ ಕುರ್ಚಿ ಹಾಕಿಸುತ್ತಿದ್ದರು.

ಕುರ್ಚಿಗಳನ್ನು ಎಣಿಸಿ

ಈಗ ಕುರ್ಚಿಯ ಸಾಲಿಗೆ ಬನ್ನಿ. ಜನರ ಮುಖಗಳಲ್ಲ, ಕುರ್ಚಿಗಳು. ಸಂಖ್ಯೆ ಬೆಸವಾಗಿದ್ದರೆ ನಡು ಒಂದೇ, ಅಲ್ಲಿ ಕುಳಿತವರು ಅಧ್ಯಕ್ಷರೋ ಮುಖ್ಯ ಅತಿಥಿಯೋ ಆಗಿರುವ ಸಾಧ್ಯತೆ ಹೆಚ್ಚು. ಸಮಸಂಖ್ಯೆಯಾದರೆ ನಡುವೆ ಇಬ್ಬರು. ಇದು ಹೆಚ್ಚಾಗಿ ಆತಿಥೇಯ ಮತ್ತು ಅತಿಥಿ, ಅಥವಾ ಅಧಿಕಾರ ಬಿಡುತ್ತಿರುವವರು ಮತ್ತು ಪಡೆಯುತ್ತಿರುವವರು. ಕೈಯುಳ್ಳ ಕುರ್ಚಿ ಒಂದೇ ಇದ್ದರೆ, ಅಥವಾ ಒಬ್ಬರ ಕೊರಳಲ್ಲಿ ಮಾತ್ರ ಹಾರವಿದ್ದರೆ ಗೊಂದಲ ಅಲ್ಲಿಗೇ ಮುಗಿಯಿತು.

ನಡುವನ್ನು ಗುರುತಿಸಿದ ಮೇಲೆ ಅಲ್ಲಿ ಕುಳಿತವರ ಬಲಗೈ ಕಡೆಗೆ ತಿರುಗಿ. ಅದು ನಿಮಗೆ ಕಾಣುವ ಎಡಗಡೆ. ಹೊಸಬರು ಎಡವುವುದು ಇಲ್ಲಿಯೇ. ಔಪಚಾರಿಕ ಕೂಟಗಳಲ್ಲಿ ಎರಡನೆಯ ಮಾನ ಬಲಗಡೆಗೆ, ಮೂರನೆಯದು ಎಡಗಡೆಗೆ, ಹೀಗೆ ಆಚೆಗೊಂದು ಈಚೆಗೊಂದರಂತೆ ತುದಿಯವರೆಗೆ ಹೋಗುತ್ತದೆ. ತುದಿಯ ಕುರ್ಚಿಗಳು ಎಲ್ಲರಿಗಿಂತ ಹೊಸದಾಗಿ ಸೇರಿದವರಿಗೆ, ಅಥವಾ ಸದಸ್ಯರಲ್ಲದಿದ್ದರೂ ಕುರ್ಚಿ ಕೊಡದೆ ವಿಧಿಯಿಲ್ಲದವರಿಗೆ. ಹಿಂದೆ ನಿಂತವರು ಸಾಮಾನ್ಯವಾಗಿ ಸಿಬ್ಬಂದಿ ಅಥವಾ ಕಿರಿಯ ಸದಸ್ಯರು.

ಒಂದು ಚಿತ್ರವನ್ನು ಓದೋಣ

ಸಂವಿಧಾನದ ಕರಡು ಸಮಿತಿಯ ಪ್ರಸಿದ್ಧ ಗ್ರೂಪ್ ಫೋಟೊವನ್ನು ನೀವು ನೋಡಿಯೇ ಇರುತ್ತೀರಿ. ಐದು ಮಂದಿ ಕುಳಿತಿದ್ದಾರೆ, ಹಿಂದೆ ಮೂವರು ನಿಂತಿದ್ದಾರೆ. ಅಡಿಬರಹದ ಪ್ರಕಾರ ಕುಳಿತವರು ಎಡದಿಂದ ಎನ್. ಮಾಧವರಾವ್, ಸಯ್ಯದ್ ಮಹಮ್ಮದ್ ಸಾದುಲ್ಲಾ, ಬಿ.ಆರ್. ಅಂಬೇಡ್ಕರ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಬೆನಗಲ್ ನರಸಿಂಗ ರಾವ್. ನಿಂತವರು ಎಸ್.ಎನ್. ಮುಖರ್ಜಿ, ಜುಗಲ್ ಕಿಶೋರ್ ಖನ್ನಾ, ಕೇವಲ್ ಕೃಷ್ಣನ್.

ಹೆಸರುಗಳನ್ನು ಕೈಯಿಂದ ಮುಚ್ಚಿಕೊಂಡು ಓದಿ. ಐದು ಕುರ್ಚಿ, ಬೆಸಸಂಖ್ಯೆ. ಮೂರನೆಯವರು ಅಧ್ಯಕ್ಷರು. ಸರಿಯಾಯಿತು, ಅಂಬೇಡ್ಕರ್. ಅವರ ಬಲಗಡೆ, ಅಂದರೆ ನಮ್ಮ ಎಡಕ್ಕೆ ಇರುವವರು ದೊಡ್ಡ ಹುದ್ದೆ ಕಂಡವರಿರಬೇಕು. ಸಾದುಲ್ಲಾ ಅಸ್ಸಾಂ ಪ್ರಾಂತ್ಯದ ಮುಖ್ಯಸ್ಥರಾಗಿದ್ದವರು, ಇಂದಿನ ಮುಖ್ಯಮಂತ್ರಿ ಸ್ಥಾನಕ್ಕೆ ಆಗಿನ ಹೆಸರು ಪ್ರೀಮಿಯರ್. ಎಡಗಡೆಯ ಅಲ್ಲಾಡಿ ಮದ್ರಾಸಿನಲ್ಲಿ ದೀರ್ಘಕಾಲ ಅಡ್ವೊಕೇಟ್ ಜನರಲ್ ಆಗಿದ್ದವರು. ನಿಯಮ ಇಲ್ಲಿಯವರೆಗೆ ಕೈಕೊಟ್ಟಿಲ್ಲ.

ನಿಜವಾದ ಸ್ವಾರಸ್ಯವಿರುವುದು ತುದಿಗಳಲ್ಲಿ. ನಮ್ಮ ಎಡತುದಿಯಲ್ಲಿರುವ ಮಾಧವರಾವ್ 1941ರಿಂದ 1946ರವರೆಗೆ ಮೈಸೂರಿನ ದಿವಾನರಾಗಿದ್ದವರು. ಹುದ್ದೆಯ ತೂಕದಿಂದ ನೋಡಿದರೆ ತುದಿಯಲ್ಲಿ ಕೂರಬೇಕಾದವರಲ್ಲ. ಆದರೆ ಅವರು ಮೂಲ ಸಮಿತಿಯ ಏಳು ಜನರಲ್ಲಿ ಇರಲಿಲ್ಲ, ಬಿ.ಎಲ್. ಮಿತ್ತರ್ ತೆರವು ಮಾಡಿದ ಜಾಗಕ್ಕೆ ನಂತರ ಬಂದರು. ಬಲತುದಿಯಲ್ಲಿರುವ ಬೆನಗಲ್ ನರಸಿಂಗ ರಾವ್ ಕನ್ನಡ ಕರಾವಳಿಯ ಮನೆತನದವರು. ಅವರು ಸಮಿತಿಯ ಸದಸ್ಯರೇ ಅಲ್ಲ, ಸಂವಿಧಾನ ಸಭೆಯ ಸಲಹೆಗಾರರು. ಒಂದು ತುದಿಗೆ ತಡವಾಗಿ ಸೇರಿದವರು, ಇನ್ನೊಂದು ತುದಿಗೆ ಸದಸ್ಯರಲ್ಲದ ಗೌರವಾನ್ವಿತರು. ಯಾವ ಸಹಕಾರ ಸಂಘದ ಫೋಟೊದಲ್ಲೂ ಇದೇ ಲೆಕ್ಕಾಚಾರ ಕಾಣುತ್ತದೆ.

ಆದರೆ ಮಾನದ ಸಾಲು ದುಡಿಮೆಯ ಸಾಲಲ್ಲ ಎಂಬುದಕ್ಕೂ ಇದೇ ಚಿತ್ರ ಸಾಕ್ಷಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಅಂಬೇಡ್ಕರ್, ತಮಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ಪಾಲು ಸಲ್ಲಬೇಕಾದವರನ್ನು ಹೆಸರಿಸಿದರು. ಮೊದಲನೆಯವರು ಸಮಿತಿಯ ಪರಿಶೀಲನೆಗೆ ಕಚ್ಚಾ ಕರಡು ಸಿದ್ಧಪಡಿಸಿಕೊಟ್ಟ ನರಸಿಂಗ ರಾವ್, ಅಂದರೆ ತುದಿಯ ಕುರ್ಚಿ. ಹಾಗೆಯೇ ಸಂವಿಧಾನದ ಮುಖ್ಯ ಕರಡುಗಾರರೆಂದು ಅವರು ಕೊಂಡಾಡಿದ ಎಸ್.ಎನ್. ಮುಖರ್ಜಿ. ಚಿತ್ರದಲ್ಲಿ ಅವರಿಗೆ ಕುರ್ಚಿಯೇ ಇಲ್ಲ, ಹಿಂದೆ ನಿಂತಿದ್ದಾರೆ. ಕುರ್ಚಿಯಿಂದ ಪಾತ್ರ ಊಹಿಸುವವರು ನಿಂತವರ ಸಾಲನ್ನು ಗುಮಾಸ್ತರೆಂದು ತಳ್ಳಿಹಾಕಿದರೆ ಇಂಥವರೇ ತಪ್ಪಿಹೋಗುತ್ತಾರೆ.

ಚಿತ್ರವೇ ಅಡಿಬರಹವನ್ನು ತಿದ್ದುತ್ತದೆ

ಈ ಚಿತ್ರದ ಕೆಳಗೆ ಅನೇಕ ಕಡೆ 1947ರ ಆಗಸ್ಟ್ 29 ಎಂಬ ದಿನಾಂಕವಿರುತ್ತದೆ. ಕುರ್ಚಿಗಳು ಅದನ್ನು ಒಪ್ಪುವುದಿಲ್ಲ. ಆಗಸ್ಟ್ 29 ಸಮಿತಿಯನ್ನು ನೇಮಿಸಿದ ದಿನ. ಅಂಬೇಡ್ಕರ್ ಅಧ್ಯಕ್ಷರಾಗಿ ಆಯ್ಕೆಯಾದದ್ದು ಮರುದಿನದ ಮೊದಲ ಸಭೆಯಲ್ಲಿ. ಆದ್ದರಿಂದ 29ರಂದು ಅವರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಫೋಟೊ ತೆಗೆಸಿಕೊಂಡಿರಲಾರರು. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಮಾಧವರಾವ್. ಅವರಿನ್ನೂ ಸೇರಿಯೇ ಇಲ್ಲದ ಸಮಿತಿಯ ಚಿತ್ರದಲ್ಲಿ ಅವರು ಹೇಗೆ ಕುಳಿತಾರು? ಮಿತ್ತರ್ ಹೋಗಿ ಮಾಧವರಾವ್ ಬಂದ ನಂತರವೇ ಈ ಚಿತ್ರ ತೆಗೆದದ್ದು. ಬಹುಶಃ ಸಮಿತಿ ನೇಮಕವಾದ ದಿನಾಂಕವನ್ನೇ ಯಾರೋ ಚಿತ್ರದ ದಿನಾಂಕವೆಂದು ಬರೆದರು, ಉಳಿದವರು ನಕಲು ಮಾಡಿದರು.

ನಿಮ್ಮ ಕೈಯಲ್ಲಿರುವ ಚಿತ್ರಕ್ಕೂ ಇದನ್ನೇ ಮಾಡಿ. ಸಂಘದ ವಾರ್ಷಿಕ ವರದಿಯಲ್ಲಿ ಆಯಾ ವರ್ಷದ ಪದಾಧಿಕಾರಿಗಳ ಪಟ್ಟಿ ಇರುತ್ತದೆ. ಚಿತ್ರದಲ್ಲಿರುವ ಯಾರು ಎಲ್ಲರಿಗಿಂತ ತಡವಾಗಿ ಸೇರಿದರು, ಯಾರು ಎಲ್ಲರಿಗಿಂತ ಮೊದಲು ಬಿಟ್ಟರು ಎಂದು ನೋಡಿ. ಚಿತ್ರ ತೆಗೆದದ್ದು ಆ ಎರಡರ ನಡುವೆ. ಚಿತ್ರದಲ್ಲಿ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಆದರೆ ಎಚ್ಚರದಿಂದ. ಕರಡು ಸಮಿತಿಯ ಕೆ.ಎಂ. ಮುನ್ಷಿ, ಗೋಪಾಲಸ್ವಾಮಿ ಅಯ್ಯಂಗಾರ್ ಈ ಚೌಕಟ್ಟಿನಲ್ಲಿಲ್ಲ. ಅವರು ಸದಸ್ಯರಲ್ಲವೆಂದು ಅರ್ಥವಲ್ಲ, ಅಂದು ಬಂದಿರಲಿಲ್ಲ ಅಷ್ಟೆ.

ನಡುವಿನವರು ಅಧ್ಯಕ್ಷರಲ್ಲದಿದ್ದಾಗ

1927ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಐದನೆಯ ಸಾಲ್ವೆ ಸಮ್ಮೇಳನದ ಚಿತ್ರದಲ್ಲಿ 29 ವಿಜ್ಞಾನಿಗಳಿದ್ದಾರೆ, ಮುಂದಿನ ಸಾಲಿನಲ್ಲಿ ಒಂಬತ್ತು ಜನ. ನಿಯಮ ಹಿಡಿದು ಹೊರಟರೆ ಐದನೆಯವರು ಅಧ್ಯಕ್ಷರಾಗಬೇಕು. ಅಲ್ಲಿರುವವರು ಐನ್‌ಸ್ಟೈನ್. ಸಮ್ಮೇಳನದ ಅಧ್ಯಕ್ಷರು ಹೆಂಡ್ರಿಕ್ ಲೊರೆಂಟ್ಸ್, ಅವರು ಐನ್‌ಸ್ಟೈನರ ಬಲಕ್ಕೆ, ನಮ್ಮ ಎಡದಿಂದ ನಾಲ್ಕನೆಯವರು. ಸಮ್ಮೇಳನದ ಕಾರ್ಯದರ್ಶಿ ವೆರ್ಷಾಫೆಲ್ಟ್ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಆ ಸಮ್ಮೇಳನದ ಚರ್ಚೆಗಳಿಗಾಗಿಯೇ ಇಂದು ನೆನಪಾಗುವ ನೀಲ್ಸ್ ಬೋರ್ ಎರಡನೆಯ ಸಾಲಿನ ಕೊನೆಯಲ್ಲಿದ್ದಾರೆ. ಹೀಗಾಗಿ ನಡುವಿನ ಕುರ್ಚಿ ಕಂಡೊಡನೆ ‘ಅಧ್ಯಕ್ಷರು’ ಎಂದು ಬರೆಯಬಾರದು. ನಡುವಿನವರು, ಅವರ ಬಲಗಡೆಯವರು, ಎಡಗಡೆಯವರು, ಈ ಮೂವರಲ್ಲಿ ಒಬ್ಬರು ಅಧ್ಯಕ್ಷರು ಎಂದು ಹಿಡಿದರೆ ತಪ್ಪುವುದು ಅಪರೂಪ.

ಆಟದ ತಂಡಗಳಲ್ಲಂತೂ ನಡುವಿನ ಜಾಗಕ್ಕೆ ಇಬ್ಬರು ಹಕ್ಕುದಾರರು. ಶಾಲೆಯ ಕಬಡ್ಡಿ ತಂಡವಾದರೆ ಕುರ್ಚಿಯ ನಡುವೆ ಮುಖ್ಯೋಪಾಧ್ಯಾಯರು, ಪಕ್ಕದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು. ನಾಯಕನನ್ನು ಹುಡುಕಬೇಕಾದದ್ದು ಷೀಲ್ಡ್ ಅಥವಾ ಕಪ್ ಯಾರ ಕೈಯಲ್ಲಿದೆ, ಯಾರ ಮುಂದಿದೆ ಎಂಬುದರಿಂದ. ಎಲ್ಲರೂ ಆಟಗಾರರೇ ಇರುವ ಚಿತ್ರದಲ್ಲಿ ಮಾತ್ರ ನಡುವಿನ ಕುರ್ಚಿ ನಾಯಕನಿಗೆ. ಹಿಂದಿನ ಸಾಲಿನ ನಡುವೆ ನಿಂತವನಿಗೆ ಯಾವ ಪದವಿಯನ್ನೂ ಕೊಡಬೇಡಿ, ಅವನು ಎತ್ತರದ ಹುಡುಗ ಅಷ್ಟೆ.

ಒಂದೇ ಸಂಘದ ಒಂದಕ್ಕಿಂತ ಹೆಚ್ಚು ವರ್ಷಗಳ ಚಿತ್ರ ಸಿಕ್ಕರೆ ಕೆಲಸ ಬಹಳ ಸಲೀಸು. ಅವನ್ನು ಒಂದರ ಕೆಳಗೊಂದು ಇಡಿ. ವರ್ಷವರ್ಷಕ್ಕೆ ತುದಿಯಿಂದ ನಡುವಿನ ಕಡೆಗೆ ಸರಿಯುತ್ತ ಬಂದವರು ಚುನಾಯಿತ ಸದಸ್ಯರು. ಅಧ್ಯಕ್ಷರು ಎಷ್ಟು ಬದಲಾದರೂ ಅದೇ ಜಾಗದಲ್ಲಿ ಉಳಿದವರು ಸಂಬಳ ಪಡೆಯುವ ಮ್ಯಾನೇಜರ್ ಅಥವಾ ಕಾರ್ಯದರ್ಶಿ. ಗುರುತಿಸಿದ ಹೆಸರನ್ನು ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಒತ್ತದೆ ಬರೆಯಿರಿ, ಬಾಲ್ ಪೆನ್ ಒತ್ತಿದರೆ ಮುಖದ ಮೇಲೆಯೇ ಗೆರೆ ಮೂಡುತ್ತದೆ. ವರದಿಯಿಂದ ಖಚಿತವಾದ ಹೆಸರನ್ನು ಹಾಗೆಯೇ ಬರೆದು, ಕುರ್ಚಿಯಿಂದ ಮಾತ್ರ ಊಹಿಸಿದ್ದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.